ನಿಲ್‌ಪೊಟೆಂಟ್ ಮತ್ತು ಐಡೆಂಪೊಟೆಂಟ್ ಮಾತೃಕೆಗಳು: ಐಗನ್ ಮೌಲ್ಯಗಳನ್ನು ಲೆಕ್ಕವಿಲ್ಲದೆ ಗುರುತಿಸುವ ಕ್ರಮ ಮತ್ತು ಅದರ ಕಾರಣ

ಕೆಳಗಿನ ಎರಡು ಮಾತೃಕೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಆರಂಭಿಸೋಣ.

```
N = |  6  -9 |        P = |  4  -6 |
    |  4  -6 |            |  2  -3 |
```

ಎರಡರಲ್ಲೂ ಒಂದಾದರೂ ಅಂಶ ಸೊನ್ನೆಯಾಗಿಲ್ಲ. ಅಂಕಿಗಳನ್ನು ನೋಡಿದ ಮಾತ್ರಕ್ಕೆ ಇವುಗಳಲ್ಲಿ ಏನಾದರೂ ವಿಶೇಷವಿದೆ ಎಂದು ಅನಿಸುವುದೂ ಇಲ್ಲ. ಆದರೆ N ಅನ್ನು ಅದರಿಂದಲೇ ಗುಣಿಸಿದರೆ ಶೂನ್ಯ ಮಾತೃಕೆ ಬರುತ್ತದೆ. P ಅನ್ನು ಅದರಿಂದಲೇ ಗುಣಿಸಿದರೆ ಮತ್ತೆ P ಬರುತ್ತದೆ. ಇಷ್ಟು ತಿಳಿದರೆ ಸಾಕು, N ನ ಐಗನ್ ಮೌಲ್ಯಗಳು 0 ಮತ್ತು 0, P ಯ ಐಗನ್ ಮೌಲ್ಯಗಳು 1 ಮತ್ತು 0 ಎಂದು ಲಾಕ್ಷಣಿಕ ಸಮೀಕರಣವನ್ನು ಬರೆಯದೆಯೇ ಹೇಳಿಬಿಡಬಹುದು. ಹಾಗೆ ಹೇಳುವ ಕ್ರಮ ಯಾವುದು, ಆ ಮಾತು ಏಕೆ ನಿಜ, ಮತ್ತು ಎಲ್ಲಿ ಜಾರಿ ಬೀಳುವ ಸಾಧ್ಯತೆ ಇದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದು ವರ್ಗ ಮಾತೃಕೆಯ ಯಾವುದೋ ಒಂದು ಘಾತ ಶೂನ್ಯ ಮಾತೃಕೆಯಾದರೆ, ಅಂದರೆ ಯಾವುದಾದರೂ ಧನ ಪೂರ್ಣಾಂಕ k ಗೆ A^k = 0 ಆದರೆ, ಅದನ್ನು ನಿಲ್‌ಪೊಟೆಂಟ್ ಎನ್ನುತ್ತೇವೆ. ಹಾಗೆ ಆಗುವ ಅತಿ ಚಿಕ್ಕ k ಗೆ ಅದರ ಇಂಡೆಕ್ಸ್ ಎಂದು ಹೆಸರು. A² = A ಆಗುವ ಮಾತೃಕೆ ಐಡೆಂಪೊಟೆಂಟ್. ಈ ಎರಡೂ ಪದಗಳನ್ನು ಅಮೆರಿಕದ ಗಣಿತಜ್ಞ ಬೆಂಜಮಿನ್ ಪಿಯರ್ಸ್ 1870ರಲ್ಲಿ ಬಳಕೆಗೆ ತಂದರು. ಲ್ಯಾಟಿನ್‌ನಲ್ಲಿ ನಿಲ್ ಎಂದರೆ ಏನೂ ಇಲ್ಲ, ಐಡೆಮ್ ಎಂದರೆ ಅದೇ. ಹೀಗಾಗಿ ಘಾತಕ್ಕೇರಿಸಿದರೆ ಇಲ್ಲವಾಗುವುದು ಮೊದಲನೆಯದು, ಘಾತಕ್ಕೇರಿಸಿದರೂ ಅದೇ ಆಗಿ ಉಳಿಯುವುದು ಎರಡನೆಯದು. ಹೆಸರಿನಲ್ಲೇ ಲಕ್ಷಣ ಅಡಗಿರುವುದರಿಂದ ಇವುಗಳನ್ನು ಅದಲು ಬದಲು ಮಾಡಿಕೊಳ್ಳುವ ಕಾರಣವಿಲ್ಲ.

ಮೊದಲ ಹಂತ: ಗುಣಿಸಿ ನೋಡುವುದು, ಆದರೆ ರದ್ದು ಮಾಡದಿರುವುದು

ಕೊಟ್ಟಿರುವ ಮಾತೃಕೆಯನ್ನು ಅದರಿಂದಲೇ ಗುಣಿಸುವುದು ಮೊದಲ ಕೆಲಸ. P ಯ ಮೊದಲ ಅಡ್ಡಸಾಲನ್ನು ಮೊದಲ ಕಂಬಸಾಲಿನಿಂದ ಗುಣಿಸಿದರೆ 16 − 12 = 4, ಎರಡನೆಯ ಕಂಬಸಾಲಿನಿಂದ ಗುಣಿಸಿದರೆ −24 + 18 = −6; ಎರಡನೆಯ ಅಡ್ಡಸಾಲಿನಿಂದ 8 − 6 = 2 ಮತ್ತು −12 + 9 = −3 ಸಿಗುತ್ತವೆ. ಆದ್ದರಿಂದ P² = P. ಇದೇ ರೀತಿ N ಗೆ 36 − 36, −54 + 54, 24 − 24, −36 + 36 ಎಂದು ನಾಲ್ಕೂ ಅಂಶಗಳು ಸೊನ್ನೆಯಾಗುತ್ತವೆ.

ಈ ಹಂತದಲ್ಲೇ ಹೆಚ್ಚಿನ ವಿದ್ಯಾರ್ಥಿಗಳು ಎಡವುವುದನ್ನು ಕಂಡಿದ್ದೇನೆ. P² = P ಎಂದು ಬರೆದ ಕೂಡಲೇ ಎರಡೂ ಬದಿಯಿಂದ ಒಂದು P ಯನ್ನು ಹೊಡೆದುಹಾಕಿ P = I ಎಂದು ಬರೆಯುತ್ತಾರೆ; N² = 0 ಎಂದು ಕಂಡರೆ N = 0 ಎನ್ನುತ್ತಾರೆ. ಸೊನ್ನೆಯಲ್ಲದ ಸಂಖ್ಯೆಯನ್ನು ಹೀಗೆ ಹೊಡೆದುಹಾಕುವುದು ಸರಿ, ವರ್ಗ ಸೊನ್ನೆಯಾದ ಸಂಖ್ಯೆ ಸೊನ್ನೆ ಎನ್ನುವುದೂ ಸರಿ, ಏಕೆಂದರೆ ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾಗಬೇಕಾದರೆ ಅವುಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಮಾತೃಕೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಹೊಡೆದುಹಾಕುವುದು ಎಂದರೆ ವಿಲೋಮ ಮಾತೃಕೆಯಿಂದ ಗುಣಿಸುವುದು ಎಂದೇ ಅರ್ಥ, ಮತ್ತು P ಗೆ ವಿಲೋಮವೇ ಇಲ್ಲ: ಅದರ ನಿರ್ಧಾರಕ −12 + 12 = 0. ವಿಲೋಮ ಇರುವ ಐಡೆಂಪೊಟೆಂಟ್ ಮಾತೃಕೆಗೆ ಮಾತ್ರ ಆ ರದ್ದತಿ ನ್ಯಾಯವಾದದ್ದು, ಮತ್ತು ಆಗ ಸಿಗುವುದು I ಒಂದೇ. ಈ ಸಣ್ಣ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಎರಡನೆಯ ಹಂತ: ಸಮೀಕರಣವನ್ನು ಐಗನ್ ಸದಿಶದ ಮೇಲೆ ಪ್ರಯೋಗಿಸುವುದು

ಇಡೀ ವಿಷಯದ ತಿರುಳು ಈ ಹಂತದಲ್ಲಿದೆ. λ ಎಂಬುದು A ಯ ಐಗನ್ ಮೌಲ್ಯ ಎಂದರೆ, ಸೊನ್ನೆಯಲ್ಲದ ಯಾವುದೋ ಒಂದು ಸದಿಶ v ಗೆ Av = λv ಆಗುತ್ತದೆ ಎಂದರ್ಥ. ಈ v ಯ ಮಟ್ಟಿಗೆ ಅಷ್ಟು ದೊಡ್ಡ ಮಾತೃಕೆ ಒಂದೇ ಒಂದು ಸಂಖ್ಯೆಯಂತೆ ವರ್ತಿಸುತ್ತದೆ. A ಯನ್ನು ಇನ್ನೊಮ್ಮೆ ಪ್ರಯೋಗಿಸಿದರೆ A²v = A(λv) = λ(Av) = λ²v; ಹೀಗೆಯೇ ಮುಂದುವರಿದರೆ A^k v = λ^k v. ಆದ್ದರಿಂದ A ಪಾಲಿಸುವ ಯಾವುದೇ ಬಹುಪದೋಕ್ತಿ ಸಮೀಕರಣವನ್ನು λ ಕೂಡ ಪಾಲಿಸಲೇಬೇಕಾಗುತ್ತದೆ.

ಐಡೆಂಪೊಟೆಂಟ್ ಮಾತೃಕೆಗೆ ಇದನ್ನು ಹಚ್ಚೋಣ. A² = A ಆದುದರಿಂದ A²v = Av, ಅಂದರೆ λ²v = λv, ಅಂದರೆ (λ² − λ)v = 0. ಇಲ್ಲಿ v ಸೊನ್ನೆಯಲ್ಲ. ಅದರ ಯಾವುದೋ ಒಂದು ಅಂಶವಾದರೂ ಸೊನ್ನೆಯಲ್ಲದ ಸಂಖ್ಯೆಯಾಗಿರುವುದರಿಂದ λ² − λ ಎಂಬ ಸಂಖ್ಯೆ ಸೊನ್ನೆಯಾಗದೆ ಬೇರೆ ದಾರಿಯಿಲ್ಲ. λ(λ − 1) = 0 ಎಂಬಲ್ಲಿ ಈಗ ನಾವು ಸಂಖ್ಯೆಗಳ ಲೋಕಕ್ಕೆ ಬಂದಿದ್ದೇವೆ, ಮತ್ತು ಮಾತೃಕೆಗೆ ಸಲ್ಲದ ಆ ನಿಯಮ ಇಲ್ಲಿ ಸಲ್ಲುತ್ತದೆ: λ ಒಂದೋ 0, ಇಲ್ಲವೇ 1.

ನಿಲ್‌ಪೊಟೆಂಟ್ ಮಾತೃಕೆಗೆ ಇದು ಇನ್ನೂ ಚಿಕ್ಕದಾಗಿ ಮುಗಿಯುತ್ತದೆ. A^k = 0 ಆದುದರಿಂದ λ^k v = 0, ಆದ್ದರಿಂದ λ^k = 0, ಆದ್ದರಿಂದ λ = 0.

ಉತ್ತರ ಬರೆಯುವಾಗ "v ಸೊನ್ನೆಯಲ್ಲ" ಎಂಬ ಮಾತನ್ನು ಬಿಟ್ಟರೆ ಇಡೀ ವಾದವೇ ಕುಸಿಯುತ್ತದೆ, ಏಕೆಂದರೆ v ಸೊನ್ನೆಯಾಗಿದ್ದರೆ (λ² − λ)v = 0 ಎಂಬುದು ಯಾವ λ ಗಾದರೂ ನಿಜವೇ ಆಗಿರುತ್ತದೆ. ಆ ಒಂದು ವಾಕ್ಯವನ್ನು ಸಾಲಿನ ನಡುವೆ ಸ್ಪಷ್ಟವಾಗಿ ಬರೆಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಮೂರನೆಯ ಹಂತ: ಬರಬಹುದಾದ ಮೌಲ್ಯ ಬೇರೆ, ಬಂದೇ ತೀರುವ ಮೌಲ್ಯ ಬೇರೆ

ಹಿಂದಿನ ಹಂತ ಹೇಳಿದ್ದು ಇಷ್ಟೇ: ಐಡೆಂಪೊಟೆಂಟ್ ಮಾತೃಕೆಗೆ 0 ಮತ್ತು 1 ಬಿಟ್ಟು ಬೇರೆ ಐಗನ್ ಮೌಲ್ಯ ಇರಲಾರದು. ಎರಡೂ ಇದ್ದೇ ಇರುತ್ತವೆ ಎಂದು ಅದು ಹೇಳಲಿಲ್ಲ. I ಗೆ 1 ಮಾತ್ರ, ಶೂನ್ಯ ಮಾತೃಕೆಗೆ 0 ಮಾತ್ರ ಐಗನ್ ಮೌಲ್ಯ. ಈ ಎರಡನ್ನು ಬಿಟ್ಟರೆ ಉಳಿದೆಲ್ಲ ಐಡೆಂಪೊಟೆಂಟ್ ಮಾತೃಕೆಗಳಿಗೂ 0 ಮತ್ತು 1 ಎರಡೂ ಇರಲೇಬೇಕು. 0 ಐಗನ್ ಮೌಲ್ಯವಾಗಿಲ್ಲದಿದ್ದರೆ ಮಾತೃಕೆಗೆ ವಿಲೋಮವಿರುತ್ತದೆ, ಆಗ ಮೊದಲ ಹಂತದ ಕೊನೆಯಲ್ಲಿ ಹೇಳಿದಂತೆ ಅದು I ಆಗಿಬಿಡುತ್ತದೆ. 1 ಇಲ್ಲದಿದ್ದರೆ I − P ಗೆ ವಿಲೋಮವಿರುತ್ತದೆ; ಆದರೆ (I − P)P = P − P² = 0, ಆದ್ದರಿಂದ P ಶೂನ್ಯವಾಗಿಬಿಡುತ್ತದೆ.

ನಿಲ್‌ಪೊಟೆಂಟ್ ಮಾತೃಕೆಯಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ, ಏಕೆಂದರೆ 0 ಅಲ್ಲಿ ಇದ್ದೇ ಇರುತ್ತದೆ. A^k = 0 ಆದರೆ A ಯ ನಿರ್ಧಾರಕದ k ನೆಯ ಘಾತ ಸೊನ್ನೆ, ಆದ್ದರಿಂದ ನಿರ್ಧಾರಕವೇ ಸೊನ್ನೆ. ಐಗನ್ ಸದಿಶವನ್ನು ಹುಡುಕಲು ಸಮೀಕರಣ ಬಿಡಿಸುವ ಶ್ರಮವೂ ಬೇಡ: ಶೂನ್ಯವಾಗುವ ಮುಂಚಿನ ಕೊನೆಯ ಘಾತ A^(k−1) ನ ಸೊನ್ನೆಯಲ್ಲದ ಯಾವುದೇ ಕಂಬಸಾಲನ್ನು ತೆಗೆದುಕೊಂಡರೆ ಅದೇ ಐಗನ್ ಸದಿಶ. ನಮ್ಮ N ನ ಇಂಡೆಕ್ಸ್ 2, ಆದ್ದರಿಂದ N ನ ಮೊದಲ ಕಂಬಸಾಲು (6, 4), ಅಂದರೆ (3, 2), ಅದರ ಐಗನ್ ಸದಿಶ. ಪರೀಕ್ಷಿಸಿ ನೋಡಿ: 18 − 18 = 0, 12 − 12 = 0.

ನಾಲ್ಕನೆಯ ಹಂತ: ಐಡೆಂಪೊಟೆಂಟ್ ಆದರೆ 1 ಎಷ್ಟು ಸಲ ಬರುತ್ತದೆ ಎಂದು ಎಣಿಸುವುದು

ಯಾವುದೇ ಸದಿಶ x ಅನ್ನು ಹೀಗೆ ಎರಡು ತುಂಡಾಗಿ ಬರೆಯಬಹುದು: x = Px + (x − Px). ಮೊದಲ ತುಂಡಿನ ಮೇಲೆ P ಯನ್ನು ಪ್ರಯೋಗಿಸಿದರೆ P(Px) = P²x = Px, ಅದು ಹಾಗೆಯೇ ಉಳಿಯುತ್ತದೆ; ಅಂದರೆ ಅದು ಐಗನ್ ಮೌಲ್ಯ 1ಕ್ಕೆ ಸೇರಿದ್ದು. ಎರಡನೆಯ ತುಂಡಿನ ಮೇಲೆ ಪ್ರಯೋಗಿಸಿದರೆ Px − P²x = 0; ಅದು ಐಗನ್ ಮೌಲ್ಯ 0ಗೆ ಸೇರಿದ್ದು. ಹೀಗೆ ಇಡೀ ಅವಕಾಶ ಎರಡು ಭಾಗವಾಗಿ ಒಡೆಯುತ್ತದೆ, ಯಾವ ಸದಿಶವೂ ಹೊರಗುಳಿಯುವುದಿಲ್ಲ. ಪ್ರತಿ ಐಡೆಂಪೊಟೆಂಟ್ ಮಾತೃಕೆಯನ್ನೂ ಕರ್ಣ ಮಾತೃಕೆಯ ರೂಪಕ್ಕೆ ತರಬಹುದು ಎಂಬುದಕ್ಕೆ ಇದೇ ಆಧಾರ. ಆ ರೂಪದಲ್ಲಿ ಕರ್ಣದ ಮೇಲೆ ಕೆಲವು 1ಗಳು, ಉಳಿದವು 0ಗಳು. 1ಗಳ ಸಂಖ್ಯೆಯೇ ಮಾತೃಕೆಯ ರ‍್ಯಾಂಕ್. ಕರ್ಣದ ಅಂಶಗಳ ಮೊತ್ತಕ್ಕೆ ಟ್ರೇಸ್ ಎನ್ನುತ್ತೇವೆ, ಮತ್ತು ಟ್ರೇಸ್ ಯಾವಾಗಲೂ ಐಗನ್ ಮೌಲ್ಯಗಳ ಮೊತ್ತಕ್ಕೆ ಸಮ. ಆದ್ದರಿಂದ ಐಡೆಂಪೊಟೆಂಟ್ ಮಾತೃಕೆಯಲ್ಲಿ ರ‍್ಯಾಂಕ್ ಮತ್ತು ಟ್ರೇಸ್ ಒಂದೇ.

P ಯ ಟ್ರೇಸ್ 4 − 3 = 1. ಹಾಗಾಗಿ ಐಗನ್ ಮೌಲ್ಯ 1 ಒಂದು ಸಲ, 0 ಒಂದು ಸಲ. ಸದಿಶಗಳನ್ನೂ ಕಂಬಸಾಲುಗಳಿಂದಲೇ ಓದಿಕೊಳ್ಳಬಹುದು. P ಯ ಕಂಬಸಾಲುಗಳು (4, 2) ಮತ್ತು (−6, −3), ಎರಡೂ (2, 1) ರ ಗುಣಕಗಳು. ಐಗನ್ ಮೌಲ್ಯ 1ರ ಸದಿಶ ಅದೇ. I − P ಯ ಕಂಬಸಾಲುಗಳು (−3, −2) ಮತ್ತು (6, 4), ಎರಡೂ (3, 2) ರ ಗುಣಕಗಳು. ಐಗನ್ ಮೌಲ್ಯ 0ಯ ಸದಿಶ ಅದು.

ಇದರ ಬಳಕೆಯ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು ಎಂಬುದು ನನ್ನ ಆಸೆ, ಏಕೆಂದರೆ ಸಂಖ್ಯಾಶಾಸ್ತ್ರ ಓದಿದ ಅನೇಕರು ಇದನ್ನು ಮಾತೃಕೆ ಎಂದು ಗುರುತಿಸದೆಯೇ ಬಳಸಿರುತ್ತಾರೆ. ಮೂವರು ವಿದ್ಯಾರ್ಥಿಗಳ ಅಂಕಗಳು 40, 58, 70 ಎಂದಿಟ್ಟುಕೊಳ್ಳಿ. ಸರಾಸರಿ 56, ಅದನ್ನು ಕಳೆದರೆ −16, 2, 14. ಈ ಹೊಸ ಅಂಕಿಗಳ ಸರಾಸರಿ 0, ಆದ್ದರಿಂದ ಮತ್ತೊಮ್ಮೆ ಸರಾಸರಿಯನ್ನು ಕಳೆದರೂ ಏನೂ ಬದಲಾಗುವುದಿಲ್ಲ. ಒಮ್ಮೆ ಮಾಡಿದರೂ ಎರಡು ಸಲ ಮಾಡಿದರೂ ಫಲ ಒಂದೇ ಆಗಿರುವ ಈ ಕೆಲಸದ ಮಾತೃಕೆ ಐಡೆಂಪೊಟೆಂಟ್ ಆಗಿರಲೇಬೇಕು. ಅದು ಇದು:

```
C = |  2/3  -1/3  -1/3 |
    | -1/3   2/3  -1/3 |
    | -1/3  -1/3   2/3 |
```

ಟ್ರೇಸ್ 2/3 ಮೂರು ಸಲ, ಅಂದರೆ 2. ಆದ್ದರಿಂದ ಐಗನ್ ಮೌಲ್ಯಗಳು 1, 1, 0. 0ಗೆ ಸೇರಿದ ಸದಿಶ (1, 1, 1): ಎಲ್ಲರಿಗೂ ಒಂದೇ ಅಂಕವಿದ್ದರೆ ಸರಾಸರಿ ಕಳೆದ ಮೇಲೆ ಏನೂ ಉಳಿಯುವುದಿಲ್ಲ. n ಅಂಕಿಗಳಿದ್ದರೆ ಇಂಥ ಮಾತೃಕೆಯ ಟ್ರೇಸ್ n − 1. ಮಾದರಿಯ ವೇರಿಯನ್ಸ್ ಲೆಕ್ಕಹಾಕುವಾಗ n ಬದಲು n − 1 ರಿಂದ ಭಾಗಿಸುತ್ತೇವಲ್ಲ, ಆ ಡಿಗ್ರೀಸ್ ಆಫ್ ಫ್ರೀಡಂ ಎಂಬುದು ಈ ಟ್ರೇಸ್‌ನಿಂದಲೇ ಬಂದದ್ದು. ಸರಾಸರಿಯನ್ನು ಕಳೆದಾಗ ಒಂದು ದಿಕ್ಕು ಅಳಿಸಿಹೋಗಿ n − 1 ದಿಕ್ಕುಗಳು ಉಳಿಯುತ್ತವೆ.

ಐದನೆಯ ಹಂತ: ನಿಲ್‌ಪೊಟೆಂಟ್ ಆದರೆ ಸರಪಳಿಯನ್ನು ಹಿಡಿಯುವುದು

ನಿಲ್‌ಪೊಟೆಂಟ್ ಮಾತೃಕೆಯಲ್ಲಿ ಐಗನ್ ಮೌಲ್ಯಗಳೆಲ್ಲ 0 ಆದುದರಿಂದ ಅವು ಮಾತೃಕೆಯ ಬಗ್ಗೆ ಇನ್ನೇನನ್ನೂ ಹೇಳುವುದಿಲ್ಲ. ಅದನ್ನು ಕರ್ಣ ರೂಪಕ್ಕೆ ತರಲು ಸಾಧ್ಯವಿದ್ದರೆ ಕರ್ಣದಲ್ಲೆಲ್ಲ ಸೊನ್ನೆಗಳೇ ಇರುತ್ತಿದ್ದವು, ಅಂದರೆ ಅದು ಶೂನ್ಯ ಮಾತೃಕೆಯೇ ಆಗಿರುತ್ತಿತ್ತು. ಆದ್ದರಿಂದ ಶೂನ್ಯವಲ್ಲದ ಯಾವ ನಿಲ್‌ಪೊಟೆಂಟ್ ಮಾತೃಕೆಯೂ ಕರ್ಣ ರೂಪಕ್ಕೆ ಬರುವುದಿಲ್ಲ. ಇಲ್ಲಿ ನೋಡಬೇಕಾದದ್ದು ಒಂದು ಸದಿಶ ಹಂತಹಂತವಾಗಿ ಹೇಗೆ ಸೊನ್ನೆಗೆ ಇಳಿಯುತ್ತದೆ ಎಂಬುದನ್ನು.

```
M = | -1   1   0 |        M² = | 0  -1   1 |
    | -1   0   1 |             | 0  -1   1 |
    | -1   0   1 |             | 0  -1   1 |
```

M² ಶೂನ್ಯವಲ್ಲ, ಆದರೆ M³ ಶೂನ್ಯ, ಇಂಡೆಕ್ಸ್ 3. x = (0, 0, 1) ಎಂದು ತೆಗೆದುಕೊಂಡರೆ Mx = (0, 1, 1), M²x = (1, 1, 1), M³x = 0. ಕೊನೆಯ ಕೊಂಡಿಯಾದ (1, 1, 1) ಐಗನ್ ಸದಿಶ. ಈ ಮೂರು ಸದಿಶಗಳು ರೇಖೀಯವಾಗಿ ಸ್ವತಂತ್ರ, ಮತ್ತು ಅದು ಕಾಕತಾಳೀಯವಲ್ಲ. ax + bMx + cM²x = 0 ಎಂದಿಟ್ಟುಕೊಂಡು ಎರಡೂ ಬದಿಯನ್ನು M² ನಿಂದ ಗುಣಿಸಿದರೆ ಕೊನೆಯ ಎರಡು ಪದಗಳು ಸತ್ತು aM²x = 0 ಮಾತ್ರ ಉಳಿಯುತ್ತದೆ, ಆದ್ದರಿಂದ a = 0. ಉಳಿದದ್ದನ್ನು M ನಿಂದ ಗುಣಿಸಿದರೆ b = 0, ಕೊನೆಗೆ c = 0.

ಇದರಿಂದ ಬಹಳ ಉಪಯುಕ್ತವಾದ ಒಂದು ಮಿತಿ ಸಿಗುತ್ತದೆ. ಇಂಡೆಕ್ಸ್ k ಆದರೆ ಇಂಥ k ಸ್ವತಂತ್ರ ಸದಿಶಗಳು ಸಿಗುತ್ತವೆ. n×n ಮಾತೃಕೆಯಲ್ಲಿ n ಕ್ಕಿಂತ ಹೆಚ್ಚು ಸ್ವತಂತ್ರ ಸದಿಶಗಳಿಗೆ ಜಾಗವಿಲ್ಲ. ಆದ್ದರಿಂದ k ಯಾವತ್ತೂ n ಅನ್ನು ಮೀರುವುದಿಲ್ಲ. 3×3 ಮಾತೃಕೆಯ ಮೂರನೆಯ ಘಾತ ಶೂನ್ಯವಾಗದಿದ್ದರೆ ಮುಂದೆ ಎಷ್ಟು ಗುಣಿಸಿದರೂ ಆಗುವುದಿಲ್ಲ, ಅಲ್ಲಿಗೆ ಪರೀಕ್ಷೆಯನ್ನು ನಿಲ್ಲಿಸಬಹುದು. 8×8 ಇದ್ದರೆ ವರ್ಗ, ಅದರ ವರ್ಗ, ಮತ್ತೆ ಅದರ ವರ್ಗ ಎಂದು ಮೂರೇ ಗುಣಾಕಾರದಲ್ಲಿ ಎಂಟನೆಯ ಘಾತವನ್ನು ತಲುಪಬಹುದು.

ಐಐಟಿ ಜ್ಯಾಮ್, ನೆಟ್ ಮುಂತಾದ ಪರೀಕ್ಷೆಗಳಿಗೆ ಓದುವವರು ಒಂದು ಫಲಿತಾಂಶವನ್ನು ಇಲ್ಲೇ ಗಮನಿಸಬಹುದು: I + N ನ ಐಗನ್ ಮೌಲ್ಯಗಳೆಲ್ಲ 1 ಆದುದರಿಂದ ಅದರ ನಿರ್ಧಾರಕ 1. ನಮ್ಮ ಮೊದಲ N ಗೆ 7 × (−5) + 36 = 1 ಎಂದು ತಾಳೆ ನೋಡಿ. ಹಾಗೆಯೇ ರ‍್ಯಾಂಕ್ r ಇರುವ ಐಡೆಂಪೊಟೆಂಟ್ P ಗೆ I + P ಯ ನಿರ್ಧಾರಕ 2^r.

ಆರನೆಯ ಹಂತ: ಹಿಮ್ಮುಖವಾಗಿ ಬರುವಾಗ ಎಚ್ಚರ

ಐಗನ್ ಮೌಲ್ಯಗಳನ್ನು ಕೊಟ್ಟು ಮಾತೃಕೆ ಯಾವ ಬಗೆಯದು ಎಂದು ಕೇಳಿದರೆ ಎರಡೂ ಬಗೆಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಐಗನ್ ಮೌಲ್ಯಗಳು 0 ಮತ್ತು 1 ಮಾತ್ರ ಎಂದ ಮಾತ್ರಕ್ಕೆ ಮಾತೃಕೆ ಐಡೆಂಪೊಟೆಂಟ್ ಆಗಬೇಕಾಗಿಲ್ಲ. ಅಡ್ಡಸಾಲುಗಳು (1, 1) ಮತ್ತು (0, 1) ಆಗಿರುವ ಮಾತೃಕೆಯ ಎರಡೂ ಐಗನ್ ಮೌಲ್ಯಗಳು 1, ಆದರೆ ಅದರ ವರ್ಗದ ಮೊದಲ ಅಡ್ಡಸಾಲು (1, 2). ಇಲ್ಲಿ ಕೊರತೆಯಾದದ್ದು ಕರ್ಣ ರೂಪ; ಅದೂ ಇದೆ ಎಂದು ಗೊತ್ತಾದರೆ ಮಾತ್ರ ಐಡೆಂಪೊಟೆಂಟ್ ಎನ್ನಬಹುದು.

ನಿಲ್‌ಪೊಟೆಂಟ್ ವಿಷಯದಲ್ಲಿ ಹಿಮ್ಮುಖ ಮಾತು ನಿಜ. ಎಲ್ಲ ಐಗನ್ ಮೌಲ್ಯಗಳೂ 0 ಆದರೆ ಲಾಕ್ಷಣಿಕ ಸಮೀಕರಣ λ^n = 0 ಆಗುತ್ತದೆ, ಮತ್ತು ಪ್ರತಿ ಮಾತೃಕೆಯೂ ತನ್ನ ಲಾಕ್ಷಣಿಕ ಸಮೀಕರಣವನ್ನು ತಾನೇ ಪಾಲಿಸುತ್ತದೆ ಎಂಬ ಕೇಲಿ-ಹ್ಯಾಮಿಲ್ಟನ್ ಪ್ರಮೇಯದಿಂದ A^n = 0. ಆದರೆ "ಎಲ್ಲ" ಎಂಬುದರಲ್ಲಿ ಸಂಕೀರ್ಣ ಸಂಖ್ಯೆಗಳೂ ಸೇರಿವೆ ಎಂಬುದನ್ನು ಮರೆಯಬಾರದು.

```
R = | 0  0  0 |
    | 0  0 -1 |
    | 0  1  0 |
```

R ನ ಲಾಕ್ಷಣಿಕ ಸಮೀಕರಣ λ(λ² + 1) = 0. ವಾಸ್ತವ ಐಗನ್ ಮೌಲ್ಯ 0 ಒಂದೇ, ಆದರೆ i ಮತ್ತು −i ಕೂಡ ಇವೆ, ಮತ್ತು R³ = −R; ಅದು ಎಂದಿಗೂ ಶೂನ್ಯವಾಗುವುದಿಲ್ಲ. ಟ್ರೇಸ್ 0, ನಿರ್ಧಾರಕ 0 ಎಂಬ ಪರೀಕ್ಷೆಯನ್ನೂ R ಪಾಸು ಮಾಡುತ್ತದೆ ಎಂಬುದನ್ನು ನೋಡಿ. ಆ ಪರೀಕ್ಷೆ 2×2 ಮಾತೃಕೆಗೆ ಮಾತ್ರ ಸಾಕು. 3×3 ಆದರೆ ಮಾತೃಕೆಯ ಜೊತೆಗೆ ಅದರ ವರ್ಗದ ಮತ್ತು ಘನದ ಟ್ರೇಸ್‌ಗಳೂ ಸೊನ್ನೆಯಾಗಬೇಕು. R² ನ ಟ್ರೇಸ್ −2 ಆಗಿ ಗುಟ್ಟು ಹೊರಬೀಳುತ್ತದೆ.

ಕಂಪ್ಯೂಟರಿನಲ್ಲಿ ಪರೀಕ್ಷಿಸುವವರಿಗೆ

ಐಗನ್ ಮೌಲ್ಯಗಳನ್ನು ಕಂಪ್ಯೂಟರಿನಿಂದ ತೆಗೆಸಿ, ಎಲ್ಲ ಸೊನ್ನೆಯಾದರೆ ನಿಲ್‌ಪೊಟೆಂಟ್ ಎಂದು ತೀರ್ಮಾನಿಸುವ ದಾರಿ ಸುಲಭವಾಗಿ ಕಂಡರೂ ನಂಬಿಕೆಗೆ ಅರ್ಹವಲ್ಲ. ಕರ್ಣದ ಮೇಲ್ಗಡೆಯ ಓರೆಸಾಲಿನಲ್ಲಿ ಮಾತ್ರ 1ಗಳಿರುವ 10×10 ಮಾತೃಕೆ ನಿಲ್‌ಪೊಟೆಂಟ್. ಅದರ ಕೆಳಗಿನ ಎಡ ಮೂಲೆಯಲ್ಲಿ ಸೊನ್ನೆಯ ಬದಲು 10^(−10) ಎಂಬಷ್ಟು ಸಣ್ಣ ದೋಷವನ್ನು ಇಟ್ಟು ನೋಡಿ.

```python
import numpy as np
N = np.diag(np.ones(9), 1)
N[9, 0] = 1e-10
print(abs(np.linalg.eigvals(N)))
```

ಹತ್ತೂ ಐಗನ್ ಮೌಲ್ಯಗಳ ಪರಿಮಾಣ ಸುಮಾರು 0.1 ಎಂದು ಮುದ್ರಣವಾಗುತ್ತದೆ. ಕಂಪ್ಯೂಟರ್ ಇಲ್ಲಿ ತಪ್ಪು ಮಾಡಿಲ್ಲ. ಈ ಬದಲಾದ ಮಾತೃಕೆಯ ಲಾಕ್ಷಣಿಕ ಸಮೀಕರಣ λ^10 = 10^(−10), ಅದರ ಹತ್ತನೆಯ ಮೂಲ 0.1. ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟು ದೋಷ ಹತ್ತರಲ್ಲಿ ಒಂದು ಭಾಗವಾಗಿ ಹಿಗ್ಗಿತು, ಏಕೆಂದರೆ ಹತ್ತು ಕೊಂಡಿಗಳ ಸರಪಳಿ ಒಂದೇ ಐಗನ್ ಮೌಲ್ಯಕ್ಕೆ ಜೋತುಬಿದ್ದಿದೆ. ಅಂಶಗಳು ಪೂರ್ಣಾಂಕಗಳಾಗಿದ್ದರೆ ಪೂರ್ಣಾಂಕಗಳಾಗಿಯೇ ಉಳಿಸಿಕೊಂಡು ಘಾತಗಳನ್ನು ಗುಣಿಸಿ ನೋಡುವುದು ಇದಕ್ಕಿಂತ ಎಷ್ಟೋ ಭದ್ರ. C ಯಂಥ ಸಮಮಿತ ಐಡೆಂಪೊಟೆಂಟ್ ಮಾತೃಕೆಗೆ ಈ ಭಯವಿಲ್ಲ. ಸಮಮಿತಿ ಕೆಡದಂತೆ ಅಷ್ಟೇ ಗಾತ್ರದ ದೋಷವನ್ನು ಒಂದು ಅಂಶದ ಜೋಡಿಯಲ್ಲಿ ಇಟ್ಟರೆ ಅದರ ಐಗನ್ ಮೌಲ್ಯಗಳು 0 ಮತ್ತು 1 ರಿಂದ 10^(−10) ಕ್ಕಿಂತ ಹೆಚ್ಚು ದೂರ ಸರಿಯುವುದಿಲ್ಲ.